ಜೇಬಿನ ಡಬ್ಬಿಯೂ ಮೂರನೆಯ ಪಾಳಿಯೂ

ಓದುಗರ ಪತ್ರ: ‘ಮುಂದಿನ ತಿಂಗಳಿಂದ ಕಾರ್ಖಾನೆಯ ಆವರಣ ತಂಬಾಕುಮುಕ್ತ ಎಂದು ನಮ್ಮ ಮ್ಯಾನೇಜರರ ಇಮೇಲ್ ಬಂದಿದೆ. ಸಿಕ್ಕಿಬಿದ್ದವರಿಗೆ 500 ರೂಪಾಯಿ ದಂಡ. ಬಿಡಬಯಸುವವರಿಗೆ ಒಂದು ಉಪನ್ಯಾಸ ಮತ್ತು ನಿಕೋಟಿನ್ ಗಮ್. ನಾನು ರಾತ್ರಿ ಪಾಳಿಯ ಮೇಲ್ವಿಚಾರಕ. ಗುತ್ತಿಗೆ ಹುಡುಗರ ಜೇಬು ತಡಕುವ ಕೆಲಸ ನನ್ನ ಪಾಲಿಗೆ ಬಂದಿದೆ. ನನ್ನ ಜೇಬಿನಲ್ಲೂ ಸುಣ್ಣದ ಡಬ್ಬಿ ಇದೆ. ಇದು ಉಪಕಾರವೋ, ದರ್ಪವೋ?’ — ಓದುಗರೊಬ್ಬರು, ಚಾಕಣ, ಪುಣೆ

ಸಂಪಾದಕರ ಉತ್ತರ:

ಮಾನ್ಯರೇ, ತಮ್ಮ ಆವರಣದಲ್ಲಿ ತಂಬಾಕು ಕೂಡದೆಂದು ಹೇಳುವ ಅಧಿಕಾರ ಕಾರ್ಖಾನೆಯವರಿಗೆ ಇದೆ. ಪೇಂಟ್ ವಿಭಾಗದ ಪಕ್ಕದಲ್ಲಿ ಬೀಡಿ ಹಚ್ಚುವುದನ್ನು ನಾನೂ ಸಮರ್ಥಿಸಲಾರೆ. ಮ್ಯಾನೇಜರರ ಪರವಾಗಿ ಇಷ್ಟು ಸಾಕು.

ದಂಡದ ಮಾತು ಹಾಗಲ್ಲ. ಸಂಬಳದಿಂದ ಮುರಿದುಕೊಳ್ಳುವ ದಂಡ ಆ ಅವಧಿಯ ವೇತನದ ಶೇ. 3ನ್ನು ಮೀರಬಾರದೆಂಬುದು ನಮ್ಮ ವೇತನ ಕಾನೂನಿನ ಹಳೆಯ ಕಟ್ಟಳೆ. ತಿಂಗಳಿಗೆ 15,000 ರೂಪಾಯಿ ಪಡೆಯುವ ಗುತ್ತಿಗೆ ಹುಡುಗನಿಗೆ ಆ ಮಿತಿ 450 ರೂಪಾಯಿ. ನಿಮ್ಮ ಇಮೇಲಿನ ದಂಡ ಮೊದಲ ಸಲಕ್ಕೇ ಅದನ್ನು ದಾಟುತ್ತದೆ. ದಂಡ ಹಾಕುವ ಮೊದಲು ಅವನ ಸಮಜಾಯಿಷಿ ಕೇಳಬೇಕು, ಬಂದ ಹಣವನ್ನು ಕಾರ್ಮಿಕರ ಹಿತಕ್ಕೇ ಬಳಸಬೇಕು. ಇದನ್ನು ಎಚ್‌.ಆರ್‌. ವಿಭಾಗಕ್ಕೆ ಬರವಣಿಗೆಯಲ್ಲಿ ತಿಳಿಸಿ; ಜೇಬು ತಡಕುವ ಕೆಲಸದಿಂದ ನುಣುಚಿಕೊಳ್ಳುವುದಕ್ಕಿಂತ ಅದು ಮರ್ಯಾದೆಯ ದಾರಿ.

ನನಗೆ ಹೆಚ್ಚು ಬೇಸರ ತಂದದ್ದು ನೆರವಿನ ಸಾಲು. ಇಂಥ ಕಾರ್ಯಕ್ರಮಗಳನ್ನು ರೂಪಿಸುವವರ ಕಣ್ಣ ಮುಂದೆ ಇರುವವನು ಸಿಗರೇಟು ಸೇದುವವನು. ಆದರೆ 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮಹಾರಾಷ್ಟ್ರದ ವಯಸ್ಕರಲ್ಲಿ ನೂರಕ್ಕೆ ಸುಮಾರು 24 ಮಂದಿ ಹೊಗೆಯಿಲ್ಲದ ತಂಬಾಕು ಬಳಸುತ್ತಾರೆ, ಸೇದುವವರು ನಾಲ್ಕು ಮಂದಿಯಷ್ಟೆ. ಅಂಗೈಯಲ್ಲಿ ಸುಣ್ಣ ಹಾಕಿ ತಿಕ್ಕಿದ ತಂಬಾಕಿನಿಂದ ನಿಕೋಟಿನ್ ಬಾಯಿಯ ಒಳಪದರದ ಮೂಲಕ ಬೇಗ ಇಳಿಯುತ್ತದೆ, ಏಕೆಂದರೆ ಸುಣ್ಣದ ಕ್ಷಾರ ಅದಕ್ಕೆ ದಾರಿ ಮಾಡಿಕೊಡುತ್ತದೆ. ಸಿಗರೇಟಿನದಕ್ಕಿಂತ ಹೆಚ್ಚು ಹೊತ್ತು ಅದು ರಕ್ತದಲ್ಲಿ ನಿಲ್ಲುತ್ತದೆ. ಇಂಥವನ ಕೈಗೆ ಗಮ್ಮಿನ ಪೊಟ್ಟಣ ಕೊಟ್ಟು ಕಳಿಸಿದರೆ ಏನಾಗುತ್ತದೆಂಬುದನ್ನು ನಮ್ಮ ಪತ್ರಿಕೆ ಅಚ್ಚಾಗುವ ಮುದ್ರಣಾಲಯದಲ್ಲಿ ಕಂಡಿದ್ದೇನೆ.

ಅಲ್ಲಿ ಬೈಂಡಿಂಗ್ ಮಾಡುವ ವಿಜಯಪುರದ ಕಡೆಯ ಹಿರಿಯರೊಬ್ಬರು ಗಮ್ಮನ್ನು ಮಕ್ಕಳ ಬಬಲ್‌ಗಮ್ಮಿನಂತೆ ಸತತವಾಗಿ ಜಗಿದರು. ಬಿಕ್ಕಳಿಕೆ ಹತ್ತಿತು, ಹೊಟ್ಟೆ ಉರಿಯಿತು. ಮರುದಿನವೇ ಪೊಟ್ಟಣ ಕಸದ ಬುಟ್ಟಿಗೆ, ಚಂಚಿ ಮತ್ತೆ ಕೈಗೆ. ಸರಿಯಾದ ಕ್ರಮವನ್ನು ಆಮೇಲೆ ವೈದ್ಯರೊಬ್ಬರು ತೋರಿಸಿದರು. ಖಾರದ ಚುರುಕು ನಾಲಿಗೆಗೆ ಹತ್ತುವವರೆಗೆ ಮಾತ್ರ ನಿಧಾನವಾಗಿ ಜಗಿಯಬೇಕು, ನಂತರ ಅದನ್ನು ಕೆನ್ನೆ ಮತ್ತು ವಸಡಿನ ನಡುವೆ ಒತ್ತರಿಸಿಡಬೇಕು, ಚುರುಕು ಅಡಗಿದ ಮೇಲೆ ಮತ್ತೆ ಜಗಿಯಬೇಕು. ಹೀಗೆ ಸುಮಾರು ಅರ್ಧ ಗಂಟೆ. ಜಗಿಯುವ ಹದಿನೈದು ನಿಮಿಷ ಮೊದಲು ಮತ್ತು ಬಾಯಲ್ಲಿ ಗಮ್ ಇರುವಷ್ಟು ಹೊತ್ತು ಚಹಾ, ಕಾಫಿ ಬೇಡ, ಏಕೆಂದರೆ ಬಾಯಿ ಆಮ್ಲೀಯವಾದರೆ ನಿಕೋಟಿನ್ ಇಳಿಯುವುದಿಲ್ಲ. ಟಪರಿಯ ಚಹಾದ ಬೆನ್ನಿಗೇ ಒಂದು ಚಿಟಿಕೆ ಏರಿಸುವ ರೂಢಿಯವರಿಗೆ ಇದನ್ನು ಯಾರೂ ಹೇಳದಿದ್ದರೆ ಗಮ್ ಸೋತಿತೆಂದೇ ಅನ್ನಿಸುತ್ತದೆ. ಎದ್ದ ಅರ್ಧ ಗಂಟೆಯೊಳಗೆ ತಂಬಾಕು ಬೇಕಾಗುವವರಿಗೆ ಸಾಮಾನ್ಯವಾಗಿ 2 ಮಿಲಿಗ್ರಾಮಿನದು ಸಾಲದು, 4ರದು ಬೇಕು. ಅದನ್ನು ವೈದ್ಯರು ನಿರ್ಧರಿಸಲಿ. ಸೇದುವವರಿಗೆ ಗಮ್ಮಿನ ಫಲ ಚೆನ್ನಾಗಿ ಸಾಬೀತಾಗಿದೆ, ಜಗಿಯುವವರಲ್ಲಿ ಅಷ್ಟಿಲ್ಲ. ಅಡಿಕೆ, ಗುಟ್ಕಾಗಳಿಂದ ಬಾಯಿ ಬಿಗಿದವರಿಗೆ ಜಗಿಯುವುದೇ ಕಷ್ಟ.

ಆದ್ದರಿಂದ ಪದೇ ಪದೇ ಮಾತಾಡಿಸುವ ಆಪ್ತ ಸಲಹೆಗಾರರು ಬೇಕು. ಒಂದು ಉಪನ್ಯಾಸ ಆ ಜಾಗ ತುಂಬದು. ತಂಬಾಕಿನ ಪೊಟ್ಟಣದ ಮೇಲೆಯೇ ಅಚ್ಚಾಗಿರುವ 1800-11-2356 ಉಚಿತ ಸಹಾಯವಾಣಿ. ಅದರ ಒಂದು ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವುದರಿಂದ ಕನ್ನಡದಲ್ಲೇ ಮಾತನಾಡಬಹುದು. ಆದರೆ ಆ ವಾಣಿಯ ವೇಳೆ ಹಗಲಿನದು, ನಿಮ್ಮವರಿಗೆ ಚಟ ಕಾಡುವುದು ನಸುಕಿನ ಮೂರು ಗಂಟೆಗೆ, ನಿದ್ದೆ ತಡೆಯಲು. ಬಿಟ್ಟ ಮೊದಲ ವಾರ ಸಿಡುಕು, ನಿದ್ದೆಗೇಡು, ಚಡಪಡಿಕೆ ಜೋರಾಗಿರುತ್ತವೆ, ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತವೆ. ಅದೇ ವಾರ ಪ್ರೆಸ್ ಯಂತ್ರದ ಮುಂದೆ ರಾತ್ರಿ ನಿಲ್ಲಿಸುವುದು ಅಪಾಯ. ಹೆಸರು ಕೊಟ್ಟವರಿಗೆ ಮೊದಲ ಎರಡು ವಾರ ಹಗಲು ಪಾಳಿ ಕೊಡಿ ಎಂದು ಕೇಳಿ. ಇದಕ್ಕೆ ಕಂಪನಿಗೆ ತಗಲುವ ಖರ್ಚು ಪೋಸ್ಟರುಗಳಿಗಿಂತ ಹೆಚ್ಚೇನೂ ಆಗದು, ಆದರೆ ಪೋಸ್ಟರುಗಳ ಫೋಟೋ ತೆಗೆಯಬಹುದು, ಪಾಳಿ ಬದಲಾವಣೆಯದನ್ನು ತೆಗೆಯಲಾಗುವುದಿಲ್ಲ!

ನೀವು ಕೇಳದಿದ್ದರೂ ಹೇಳುತ್ತೇನೆ: ಹೆಸರು ಕೊಡುವವರ ಪಟ್ಟಿಯಲ್ಲಿ ನಿಮ್ಮದು ಮೊದಲಿರಲಿ, ಗುತ್ತಿಗೆಯವರನ್ನೂ ಅದರಲ್ಲಿ ಸೇರಿಸಬೇಕೆಂದು ಪಟ್ಟು ಹಿಡಿಯಿರಿ. ವಾರ್ಷಿಕ ತಪಾಸಣೆಯಲ್ಲಿ ಎದೆಯ ಎಕ್ಸ್‌ರೇಯ ಜೊತೆಗೆ ಬಾಯಿಯನ್ನೂ ನೋಡಲಿ. ಕೆನ್ನೆಯ ಒಳಗೆ ಉಜ್ಜಿದರೂ ಹೋಗದ ಬಿಳಿ ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ನಿಲುವಾಗಿ ಮೂರು ಬೆರಳು ಹಿಡಿಸದಷ್ಟು ಕಿರಿದಾದ ಬಾಯಿ, ಇವುಗಳಲ್ಲಿ ಒಂದಿದ್ದರೂ ದಂತವೈದ್ಯರ ಬಳಿಗೆ ಆ ವಾರವೇ ಕಳಿಸಿ, ತಂಬಾಕು ಬಿಟ್ಟಿದ್ದರೂ ಸರಿ, ಬಿಡದಿದ್ದರೂ ಸರಿ.