ಸ್ಲ್ಯಾಬ್ ಮತ್ತು ಬೀಮ್‌ಗಳ ಸೆಂಟ್ರಿಂಗ್ ಯಾವಾಗ ಬಿಚ್ಚಬೇಕು, ಕಂಬಗಳನ್ನು ಹೇಗೆ ನಿಲ್ಲಿಸಬೇಕು?

ಪ್ರಶ್ನೆ: ನಮ್ಮ ಮನೆಯ ನೆಲಮಹಡಿಗೆ ಆರ್‌ಸಿಸಿ ಹಾಕಿ ಆರು ದಿನವಾಯಿತು. ಸ್ಲ್ಯಾಬ್ 5 ಇಂಚು, ಕೋಣೆಗಳ ಅಗಲ 12 ಅಡಿ, ಹಾಲ್‌ನಲ್ಲಿ 5 ಮೀಟರ್ ಉದ್ದದ ಒಂದು ಬೀಮ್ ಇದೆ. ಸಿಮೆಂಟು ಪಿಪಿಸಿ. ಮೇಸ್ತ್ರಿ ಎಂಟನೇ ದಿನ ಎಲ್ಲ ಸೆಂಟ್ರಿಂಗ್ ಬಿಚ್ಚುತ್ತೇನೆ ಎನ್ನುತ್ತಾರೆ, ನೆಂಟರು 21 ದಿನ ಬಿಡಬೇಕು ಎನ್ನುತ್ತಾರೆ. ಯಾರ ಮಾತು ಕೇಳಲಿ? ಮೇಲಿನ ಮಹಡಿಗೂ ಇದೇ ಮರದ ಕಂಬಗಳು ಸಾಕೇ?

ಉತ್ತರ: ಎಂಟನೇ ದಿನ ಎಲ್ಲವನ್ನೂ ಬಿಚ್ಚಲು ದಯವಿಟ್ಟು ಒಪ್ಪಬೇಡಿ. ನೀವು ಕೊಟ್ಟ ಅಳತೆಗಳಿಗೆ ಸ್ಲ್ಯಾಬಿನ ಕಂಬಗಳು ಕನಿಷ್ಠ 10 ದಿನ, ಹಾಲ್‌ನ ಬೀಮಿನ ಕೆಳಗಿನ ಕಂಬಗಳು 20 ದಿನ ಇರಬೇಕು. ಮೇಸ್ತ್ರಿಯವರ ಲೆಕ್ಕ ಪೂರ್ತಿ ತಪ್ಪಲ್ಲ. ಅದು ಬೇರೆ ಸಿಮೆಂಟಿನ ಲೆಕ್ಕ, ಅದೂ ಸ್ಲ್ಯಾಬಿಗೆ ಮಾತ್ರ ಸಲ್ಲುವ ಲೆಕ್ಕ.

ಐಎಸ್ 456 ಸಂಹಿತೆಯು ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟು, 15 ಡಿಗ್ರಿಗಿಂತ ಕಡಿಮೆಯಾಗದ ಹವೆ ಮತ್ತು ಸರಿಯಾದ ಕ್ಯೂರಿಂಗ್ ಇದ್ದಾಗಿನ ಅವಧಿಗಳನ್ನು ಕೊಡುತ್ತದೆ. ಬೀಮಿನ ಪಕ್ಕದ ಹಲಗೆಗಳನ್ನು 16ರಿಂದ 24 ಗಂಟೆಗಳಲ್ಲಿ ತೆಗೆಯಬಹುದು, ಏಕೆಂದರೆ ಅವು ಹಸಿ ಕಾಂಕ್ರೀಟಿನ ಪಕ್ಕದ ಒತ್ತಡವನ್ನು ತಡೆಯುತ್ತವೆಯೇ ಹೊರತು ಭಾರ ಹೊರುವುದಿಲ್ಲ. ಕಂಬಗಳಾದರೆ 4.5 ಮೀಟರ್‌ವರೆಗಿನ ಸ್ಲ್ಯಾಬಿಗೆ 7 ದಿನ, ಅದಕ್ಕಿಂತ ದೊಡ್ಡದಕ್ಕೆ 14 ದಿನ. 6 ಮೀಟರ್‌ವರೆಗಿನ ಬೀಮಿಗೆ 14 ದಿನ, ಅದನ್ನು ಮೀರಿದರೆ 21 ದಿನ ನಿಲ್ಲಬೇಕು. ನೆಂಟರು ಹೇಳುವ 21 ದಿನ ಬಂದದ್ದು ಈ ಕೊನೆಯ ಅಂಕಿಯಿಂದ. ಹಾರುಬೂದಿ ಬೆರೆತ ಪಿಪಿಸಿ ಮೊದಲ ವಾರಗಳಲ್ಲಿ ನಿಧಾನವಾಗಿ ಬಲ ಪಡೆಯುವುದರಿಂದ, ಕೇಂದ್ರ ಲೋಕೋಪಯೋಗಿ ಇಲಾಖೆಯ ನಿಯಮದಂತೆ ಈ ಅವಧಿಗಳನ್ನು 10/7ರಿಂದ ಗುಣಿಸಬೇಕು. ಹಾಗಾಗಿ ನಿಮ್ಮ 7 ದಿನ 10 ಆಗುತ್ತದೆ, 14 ದಿನ 20 ಆಗುತ್ತದೆ. ಇದು ಚಳಿಗಾಲವಾಗಿದ್ದು ರಾತ್ರಿ ಹವೆ 15 ಡಿಗ್ರಿಗಿಂತ ಕೆಳಗೆ ಇಳಿಯುವ ಊರಾಗಿದ್ದರೆ ಇನ್ನೂ ಕೆಲವು ದಿನ ಸೇರಿಸಿ.

ಈ ದಿನಗಳ ಹಿಂದಿರುವ ನಿಯಮ ಸರಳವಾಗಿದೆ: ಆಧಾರ ತೆಗೆಯುವ ಹೊತ್ತಿಗೆ ಕಾಂಕ್ರೀಟಿನ ಮೇಲೆ ಎಷ್ಟು ಒತ್ತಡ ಬರುತ್ತದೆಯೋ ಅದರ ಎರಡರಷ್ಟು ಬಲ ಅದಕ್ಕೆ ಬಂದಿರಬೇಕು. ಆದ್ದರಿಂದ ಬಿಚ್ಚಿದ ಮೇಲೆ ಸ್ಲ್ಯಾಬಿನ ಮೇಲೆ ಏನು ಇಡುತ್ತೀರಿ ಎಂಬುದೂ ದಿನಗಳಷ್ಟೇ ಮುಖ್ಯ. ಸಿಮೆಂಟು ಬ್ಲಾಕ್‌ಗಳನ್ನು ನಾಲ್ಕು ಅಡಿ ಎತ್ತರಕ್ಕೆ ಒಟ್ಟಿದರೆ ಚದರ ಮೀಟರಿಗೆ ಸುಮಾರು 2,500 ಕೆ.ಜಿ. ಭಾರ ಬೀಳುತ್ತದೆ, ಆದರೆ ವಾಸದ ಕೋಣೆಗೆ ವಿನ್ಯಾಸದಲ್ಲಿ ಹಿಡಿಯುವ ಬಳಕೆಯ ಭಾರ ಕೇವಲ 200 ಕೆ.ಜಿ. ಬ್ಲಾಕ್‌ಗಳನ್ನು ಕೋಣೆಯ ನಡುವೆ ಒಟ್ಟದಂತೆ ಕೆಲಸದವರಿಗೆ ಈಗಲೇ ಹೇಳಿಡಿ. ಗೋಡೆ ಅಥವಾ ಬೀಮಿನ ನೇರಕ್ಕೆ, ಒಂದೆರಡು ವರಸೆಯಷ್ಟೇ ಹರಡಿ ಇಡಲಿ.

ಬಿಚ್ಚುವ ಕ್ರಮದಲ್ಲೂ ಒಂದು ಎಚ್ಚರ ಬೇಕು. ಸ್ಲ್ಯಾಬಿನಲ್ಲಿಯೂ ಬೀಮಿನಲ್ಲಿಯೂ ನಡುವಿನ ಕಂಬವನ್ನು ಮೊದಲು ಸಡಿಲಿಸಿ, ನಂತರ ಎರಡೂ ಬದಿಯ ಆಧಾರಗಳ ಕಡೆಗೆ ಸಾಗಬೇಕು. ಅಂಚಿನ ಕಂಬಗಳನ್ನು ಮೊದಲು ತೆಗೆದರೆ ನಡುವಿನ ಕಂಬವೇ ಆಧಾರವಾಗಿ, ಕಬ್ಬಿಣವೇ ಇಲ್ಲದ ಮೇಲ್ಭಾಗದಲ್ಲಿ ಬಿರುಕು ಬರಬಹುದು. ಸಜ್ಜೆ ಮತ್ತು ಬಾಲ್ಕನಿಗಳಲ್ಲಿ ಇದು ತಿರುಗುಮುರುಗು: ಹೊರ ತುದಿಯಿಂದ ಶುರುಮಾಡಿ ಗೋಡೆಯ ಕಡೆಗೆ ಬರಬೇಕು, ಮತ್ತು ಗೋಡೆಯ ಭಾರವೇ ಹಿಡಿದಿಟ್ಟುಕೊಳ್ಳುವ ಸಜ್ಜೆಯಾದರೆ ಮೇಲಿನ ಗೋಡೆ ಕಟ್ಟುವ ತನಕ ಅದನ್ನು ಮುಟ್ಟಲೇಬಾರದು. ಬೀಮಿನ ನಡುಭಾಗದಲ್ಲಿ ಎರಡೂ ತುದಿಗೆ ಬಿಗಿಯಾಗಿ ಕಟ್ಟಿದ ದಾರದಿಂದ ಬೀಮಿನ ತಳಕ್ಕಿರುವ ಅಂತರವನ್ನು ಮೊದಲೇ ಅಳೆದಿಟ್ಟುಕೊಂಡು, ಬೆಣೆ ಸಡಿಲಿಸಿ ಅರ್ಧ ಗಂಟೆ ಕಾದು ಮತ್ತೆ ಅಳೆಯಿರಿ. ಒಂದೆರಡು ಮಿಲಿಮೀಟರ್ ತಗ್ಗಿ ನಿಂತರೆ ಮುಂದುವರಿಯಬಹುದು. ತಗ್ಗುತ್ತಲೇ ಹೋದರೆ, ಅಥವಾ ತಳದಲ್ಲಿ ಹೊಸ ಬಿರುಕು ಕಂಡರೆ, ಬೆಣೆಯನ್ನು ಮತ್ತೆ ಬಿಗಿದು ನಿಮ್ಮ ಇಂಜಿನಿಯರನ್ನು ಕರೆಯಿರಿ.

ಇನ್ನು ಕಂಬಗಳ ವಿಷಯ. 5 ಇಂಚಿನ ಹಸಿ ಸ್ಲ್ಯಾಬು ಚದರ ಮೀಟರಿಗೆ ಸುಮಾರು 312 ಕೆ.ಜಿ. ತೂಗುತ್ತದೆ; ಶೀಟು ಮತ್ತು ಅಡ್ಡಪಟ್ಟಿಗಳಿಗೆ 50, ಕಾಂಕ್ರೀಟು ಸುರಿಯುವ ಜನ ಹಾಗೂ ಸಲಕರಣೆಗಳಿಗೆ 250 ಸೇರಿಸಿದರೆ ಸುಮಾರು 612 ಕೆ.ಜಿ. ಆಗುತ್ತದೆ. ಒಂದು ಮೀಟರಿಗೊಂದರಂತೆ ಎರಡೂ ದಿಕ್ಕಿಗೆ ಕಂಬ ನಿಲ್ಲಿಸಿದರೆ ಪ್ರತಿ ಕಂಬದ ಪಾಲಿಗೆ ಬರುವುದು ಅಷ್ಟೇ ಭಾರ. ಮೂರು ಮೀಟರ್ ಎತ್ತರದ, 60 ಮಿ.ಮೀ. ದಪ್ಪದ ನೀಲಗಿರಿ ಕಂಬವೊಂದು, ಮಧ್ಯದಲ್ಲಿ ಯಾವ ಕಟ್ಟೂ ಇಲ್ಲದಿದ್ದರೆ, ಲೆಕ್ಕದಲ್ಲಿ 640 ಕೆ.ಜಿ. ಆಸುಪಾಸಿನಲ್ಲಿ ಬಾಗಿ ಮುರಿಯುತ್ತದೆ. ಅದೂ ಕಂಬ ನೆಟ್ಟಗಿದ್ದರೆ ಮಾತ್ರ, ಸೊಟ್ಟಗಿದ್ದರೆ ಇನ್ನೂ ಬೇಗ. ಅಂದರೆ ಸುರಕ್ಷತೆಗೆ ಉಳಿಕೆಯೇ ಇಲ್ಲ. 75 ಮಿ.ಮೀ. ದಪ್ಪವಿದ್ದರೆ ಈ ಸಾಮರ್ಥ್ಯ ಸುಮಾರು ಎರಡೂವರೆ ಪಟ್ಟು ಹೆಚ್ಚುತ್ತದೆ, ಮತ್ತು ಅರ್ಧ ಎತ್ತರದಲ್ಲಿ ಎರಡೂ ದಿಕ್ಕಿಗೆ ಅಡ್ಡಕಂಬ ಕಟ್ಟಿ ಅದನ್ನು ಗೋಡೆಗೆ ಅಥವಾ ಓರೆ ಕಟ್ಟಿಗೆ ಭದ್ರಪಡಿಸಿದರೆ ಬಾಗುವಿಕೆಯನ್ನು ತಡೆಯುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ನಾನು ಸೈಟಿಗೆ ಹೋದಾಗ ಮೊದಲು ನೋಡುವುದು ಈ ನಡುಕಟ್ಟನ್ನೇ, ಏಕೆಂದರೆ ಚಿಕ್ಕ ಮನೆಗಳಲ್ಲಿ ಓಡಾಡಲು ಅಡ್ಡಿ ಎಂದು ಅದನ್ನೇ ಬಿಟ್ಟುಬಿಡುತ್ತಾರೆ.

ಬೀಮಿನ ಕೆಳಗೂ ಒಂದು ಮೀಟರಿಗೊಂದು ಕಂಬ ಎಂದು ಬಿಟ್ಟುಬಿಡಬಾರದು. ಅಲ್ಲಿ ಬೀಮಿನ ಸ್ವಂತ ತೂಕದ ಜೊತೆಗೆ ಅಕ್ಕಪಕ್ಕದ ಸ್ಲ್ಯಾಬಿನ ಪಾಲೂ ಬಂದು, 9 ಇಂಚು ಅಗಲ 18 ಇಂಚು ಆಳದ ಬೀಮಿಗೆ ಪ್ರತಿ ಮೀಟರಿಗೆ ಸುಲಭವಾಗಿ 900 ಕೆ.ಜಿ. ಆಗುತ್ತದೆ. ಎರಡು ಅಡಿಗೊಂದು ಕಂಬ ಕೇಳಿ. ಜೋಡಿಸಿ ಮೊಳೆ ಹೊಡೆದ ಕಂಬಗಳನ್ನು ಬೀಮಿನ ಕೆಳಗೆ ಬಳಸಲು ಬಿಡಬೇಡಿ, ಮತ್ತು ಬುಡವನ್ನು ತುಂಬಿದ ಮಣ್ಣಿನ ಮೇಲೆ ನೇರವಾಗಿ ಊರದೆ ಅಗಲವಾದ ಹಲಗೆಯ ಮೇಲೆ ನಿಲ್ಲಿಸಲು ಹೇಳಿ. ಒಂದು ಮಳೆ ಬಂದರೆ ತುಂಬಿದ ಮಣ್ಣು ಕುಸಿಯುತ್ತದೆ, ಆಗ ಆ ಕಂಬದ ಭಾರವೆಲ್ಲ ಪಕ್ಕದ ಕಂಬಗಳ ಮೇಲೆ ಬೀಳುತ್ತದೆ.

ಮೇಲಿನ ಮಹಡಿಗೆ ಆರ್‌ಸಿಸಿ ಹಾಕುವ ದಿನ ಇನ್ನೊಂದು ಅಪಾಯವಿದೆ, ಅದನ್ನು ಬಹಳ ಜನ ಗಮನಿಸುವುದಿಲ್ಲ. ನಿಮ್ಮ ಈಗಿನ ಸ್ಲ್ಯಾಬು ಸ್ವಂತ ತೂಕ 312, ನೆಲಹಾಸು 100, ಬಳಕೆ 200, ಒಟ್ಟು 612 ಕೆ.ಜಿ.ಗೆ ಒಂದೂವರೆ ಪಟ್ಟಿನ ಅಂಶ ಸೇರಿಸಿ, ಚದರ ಮೀಟರಿಗೆ ಸುಮಾರು 918 ಕೆ.ಜಿ. ತಡೆಯುವಂತೆ ವಿನ್ಯಾಸವಾಗಿರುತ್ತದೆ. ಮೇಲಿನ ಸ್ಲ್ಯಾಬು ಹಾಕುವಾಗ ಕೆಳಗಿನದರ ಸ್ವಂತ 312ಕ್ಕೆ ಮೇಲಿನಿಂದ ಇಳಿಯುವ 612 ಸೇರಿ 924 ಆಗುತ್ತದೆ. ಕಾಂಕ್ರೀಟು ಪೂರ್ತಿ ಬಲ ಪಡೆದಿದ್ದರೂ ಆ ಒಂದೂವರೆ ಪಟ್ಟಿನ ಅಂತರ ಒಂದೇ ದಿನದಲ್ಲಿ ಮುಗಿದುಹೋಗುತ್ತದೆ. ಆದ್ದರಿಂದ ಮೇಲೆ ಕಾಂಕ್ರೀಟು ಸುರಿಯುವ ಮೊದಲು ಕೆಳಗಿನ ಕೋಣೆಗಳಲ್ಲಿ ಮತ್ತೆ ಕಂಬಗಳನ್ನು, ಸಾಧ್ಯವಾದಷ್ಟು ಮೇಲಿನ ಕಂಬಗಳ ನೇರಕ್ಕೇ, ನಿಲ್ಲಿಸಬೇಕು. ಅವು ಸ್ಲ್ಯಾಬಿಗೆ ತಾಗಿ ಭದ್ರವಾಗಿರಲಿ. ಜಾಕಿ ತಿರುಗಿಸಿ ಅಥವಾ ಬೆಣೆ ಹೊಡೆದು ಸ್ಲ್ಯಾಬನ್ನು ಮೇಲೆತ್ತುವಷ್ಟು ಬಿಗಿಯಬಾರದು. ತೆಗೆಯುವಾಗ ಮೇಲಿನ ಮಹಡಿಯ ಕಂಬಗಳನ್ನು ಪೂರ್ತಿ ತೆಗೆದ ನಂತರವೇ ಕೆಳಗಿನವುಗಳಿಗೆ ಕೈ ಹಾಕಬೇಕು.