ಬೋರ್ಡ್ ಓದಿದವರಿಗೂ ರೆಟಿನಾ ಕೆಟ್ಟಿರಬಹುದು

ಪ್ರಶ್ನೆ: ಅಮ್ಮ ಕೀಲುವಾತಕ್ಕೆ ಹೈಡ್ರಾಕ್ಸಿಕ್ಲೋರೋಕ್ವಿನ್ ತಗೋತಾರೆ, ಅಣ್ಣ ಟಿಬಿಗೆ ಎಥಾಂಬುಟಾಲ್. ಇಬ್ಬರಿಗೂ ಕಣ್ಣು ತೋರಿಸಿ ಅಂದಿದ್ದಾರೆ. ಕನ್ನಡಕದ ಅಂಗಡಿಯಲ್ಲಿ ಬೋರ್ಡ್ ಓದಿಸಿದ್ರೆ ಸಾಕಾ?

ಅಣ್ಣನಿಗೆ ಅದು ಅರ್ಧ ಪರೀಕ್ಷೆ. ಅಮ್ಮನಿಗೆ ಅದು ಲೆಕ್ಕಕ್ಕೇ ಇಲ್ಲ. ನಾನು ಆಪ್ಟೋಮೆಟ್ರಿಸ್ಟ್, ಎರಡೂ ಮಾತ್ರೆಯವರನ್ನು ನೋಡುತ್ತಿರುತ್ತೇನೆ.

ಅಮ್ಮನ ಮಾತ್ರೆ ಕಣ್ಣಿನ ಹಿಂದಿನ ಪರದೆಯಾದ ರೆಟಿನಾವನ್ನು ಕೆಡಿಸುವುದು ಬಳೆಯ ಆಕಾರದಲ್ಲಿ. ನಟ್ಟನಡುವಿನ ಜಾಗ ಕೊನೆಯವರೆಗೂ ಉಳಿದಿರುತ್ತದೆ, ಅಕ್ಷರ ಓದುವುದು ಅದೇ ಜಾಗ. ಹನ್ನೊಂದು ವರ್ಷ ಮಾತ್ರೆ ನುಂಗಿದ್ದ ಒಬ್ಬರು ಬೋರ್ಡಿನ ಕೊನೆಯ ಸಾಲನ್ನೂ ಗಡಗಡ ಓದಿದರು. ಎದ್ದು ಹೋಗುವಾಗ ಸುಮ್ನೆ ಅಂದರು: "ಪೇಪರ್ ಓದುವಾಗ ಪಕ್ಕದ ಅಕ್ಷರ ನುಂಗಿಹೋಗುತ್ತೆ." ನೋಟ ಎಲ್ಲೆಲ್ಲಿ ಕೆಟ್ಟಿದೆ ಅಂತ ತೋರಿಸುವ ಫೀಲ್ಡ್ ಟೆಸ್ಟಿನಲ್ಲಿ ಬಳೆ ಕಪ್ಪಗೆ ಮೂಡಿತ್ತು. ಹಾಗೆ ಹೋದದ್ದು ವಾಪಸ್ ಬರುವುದಿಲ್ಲ. ಮಾತ್ರೆ ನಿಲ್ಲಿಸಿದ ಮೇಲೂ ಹಾನಿ ಮುಂದುವರಿಯಬಹುದು.

ಅದಕ್ಕೇ ಅಮ್ಮನಿಗೆ ಎರಡು ಪರೀಕ್ಷೆ ಬೇಕು. ಫೀಲ್ಡ್ ಟೆಸ್ಟಿನಲ್ಲಿ ಒಂದು ಕಣ್ಣು ಮುಚ್ಚಿ, ನಡುವಿನ ದೀಪವನ್ನೇ ನೋಡುತ್ತಾ, ಮಿಣುಕು ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಮೊದಲ ಸಲ ಬಹಳ ಜನ ತಡಬಡಾಯಿಸುತ್ತಾರೆ, ರಿಪೋರ್ಟ್ ಕೆಟ್ಟದಾಗಿ ಬಂದರೆ ಹೆದರದೆ ಇನ್ನೊಮ್ಮೆ ಮಾಡಿಸಿ. ಇನ್ನೊಂದು ಓಸಿಟಿ, ರೆಟಿನಾದ ಪದರಗಳ ಫೋಟೋ. ಏಷ್ಯಾ ಮೂಲದವರಲ್ಲಿ ಬಳೆ ಸ್ವಲ್ಪ ಹೊರಗೆ ಬೀಳುವುದು ಜಾಸ್ತಿ. ಹಾಗಾಗಿ ನಡುವಿನ ಭಾಗವನ್ನಷ್ಟೇ ನೋಡುವ 10-2 ಒಂದೇ ಅಲ್ಲ, ಇನ್ನೂ ಅಗಲಕ್ಕೆ ನೋಡುವ 24-2 ಫೀಲ್ಡ್ ಕೂಡ ಬೇಕಾ ಅಂತ ಕೇಳಿ. ಮೊದಲ ವರ್ಷದೊಳಗೆ ಒಮ್ಮೆ ಕಣ್ಣು ತೋರಿಸಿ, ಐದು ವರ್ಷ ಆದ ಮೇಲೆ ಪ್ರತಿ ವರ್ಷ. ಕಿಡ್ನಿ ತೊಂದರೆ ಇದ್ದರೆ ಐದು ವರ್ಷ ಕಾಯಬೇಡಿ.

ಡೋಸ್ ಕೂಡ ಲೆಕ್ಕ ಹಾಕಿ. ತೂಕದ ಕಿಲೋಗೆ ದಿನಕ್ಕೆ 5 ಮಿಲಿಗ್ರಾಂ ದಾಟಬಾರದು. 52 ಕಿಲೋ ಇರುವವರಿಗೆ 260. ದಿನಾ 200ರ ಎರಡು ಮಾತ್ರೆ ನುಂಗುತ್ತಿದ್ದರೆ 400 ಆಯಿತು, ಅಲ್ವಾ? ವಾರಕ್ಕೆ ಒಂಬತ್ತು ಮಾತ್ರೆ ಆದರೆ ಲೆಕ್ಕದೊಳಗೆ ಬರುತ್ತದೆ. ಆದರೆ ನೀವೇ ಕಡಿಮೆ ಮಾಡಬೇಡಿ, ಚೀಟಿ ಬರೆದ ಡಾಕ್ಟರಿಗೆ ಇದನ್ನು ತೋರಿಸಿ.

ಅಣ್ಣನ ಕತೆ ಉಲ್ಟಾ. ಎಥಾಂಬುಟಾಲ್ ಹೊಡೆಯುವುದು ಕಣ್ಣಿನ ನರಕ್ಕೆ, ಅದೂ ಹೆಚ್ಚಾಗಿ ನಡುವಿನ ನೋಟಕ್ಕೇ. ಹಾಗಾಗಿ ಬೋರ್ಡ್ ಓದಿಸುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ, ಜೊತೆಗೆ ಚುಕ್ಕೆಗಳಲ್ಲಿ ಅಂಕಿ ಗುರುತಿಸುವ ಬಣ್ಣದ ಪುಸ್ತಕವೂ ಬೇಕು. ಶುರುವಿನಲ್ಲಿ ಕಣ್ಣಿನೊಳಗೆ ಟಾರ್ಚ್ ಹಾಕಿ ನೋಡಿದರೆ ಎಲ್ಲ ಸರಿಯಾಗೇ ಕಾಣಬಹುದು. ಮಾತ್ರೆ ಶುರುವಾಗುವಾಗಲೇ ಒಮ್ಮೆ, ಆಮೇಲೆ ತಿಂಗಳಿಗೊಮ್ಮೆ ಮಾಡಿಸಿ. ತೊಂದರೆ ಸಾಮಾನ್ಯವಾಗಿ ಎರಡು ತಿಂಗಳು ದಾಟಿದ ಮೇಲೆ ಕಾಣಿಸುತ್ತದೆ. ಕಿಡ್ನಿ ಸರಿಯಿಲ್ಲದವರಿಗೆ ಅಪಾಯ ಜಾಸ್ತಿ.

ಮನೆಯಲ್ಲಿ ವಾರಕ್ಕೊಮ್ಮೆ ಒಂದೊಂದೇ ಕಣ್ಣು ಮುಚ್ಚಿ ಅದೇ ದೂರದಲ್ಲಿ ಪೇಪರ್ ಓದಲಿ, ಒಂದು ಕೆಂಪು ಮುಚ್ಚಳ ನೋಡಲಿ. ಅಕ್ಷರ ಮಸುಕಾದರೆ, ಕೆಂಪು ಮಂಕಾದರೆ, ಅವತ್ತೇ ಟಿಬಿ ಡಾಕ್ಟರಿಗೆ ಫೋನ್ ಮಾಡಿ. ಬೇಗ ನಿಲ್ಲಿಸಿದರೆ ಬಹಳ ಜನರಿಗೆ ನೋಟ ವಾಪಸ್ ಬರುತ್ತದೆ, ಎಲ್ಲರಿಗೂ ಅಲ್ಲ. ಸರ್ಕಾರಿ ಟಿಬಿ ಮಾತ್ರೆಯಲ್ಲಿ ಎಥಾಂಬುಟಾಲ್ ಬೇರೆ ಔಷಧಿಗಳ ಜೊತೆ ಒಂದೇ ಗುಳಿಗೆಯಲ್ಲಿರುತ್ತದೆ, ಅದನ್ನು ಬಿಟ್ಟು ಉಳಿದವನ್ನು ಹೇಗೆ ಕೊಡಬೇಕು ಅಂತ ಅವರೇ ಹೇಳಬೇಕು.