ನಿಮ್ಮ ಕೋಡ್ 15ರ ಬದಲು 6 ಎಂದದ್ದು ಯಾಕೆ

*"ಸರ್, ನಮಸ್ಕಾರ್ರಿ. ನಾನು ಕಲಬುರಗಿಯಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದೇನೆ. ಒಂದು ಪಟ್ಟಿಯಲ್ಲಿ ಯಾವ ಎರಡು ಸಂಖ್ಯೆಗಳ ಎಕ್ಸಾರ್ ಅತಿ ದೊಡ್ಡದು ಅಂತ ಬೈನರಿ ಟ್ರೈ ಬಳಸಿ ಹುಡುಕುವ ಬಗ್ಗೆ ಲೇಖನ ಬರೆದಿದ್ದೇನೆ. ಕೋಡ್ ಓಡಿಸಿ ನೋಡಿದ್ದೇನೆ, ಸರಿ ಇದೆ. ಹಾಕಬಹುದಾ? ಏನು ತಿದ್ದಬೇಕೋ ಮುಚ್ಚುಮರೆ ಇಲ್ಲದೆ ಹೇಳಿ."*

ನಮಸ್ಕಾರ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಭಾಷೆ ಚೆನ್ನಾಗಿದೆ, ವಾಕ್ಯ ಎಲ್ಲೂ ಎಡವುವುದಿಲ್ಲ. ಆದರೆ ಕೋಡ್ ತಪ್ಪಿದೆ.

ನೀವು ಕೊಟ್ಟ ಉದಾಹರಣೆ 9, 14, 11. ಉತ್ತರ 7 ಬರುತ್ತದೆ, ಅದು ಸರಿಯೇ. ನಾನು 12, 10, 5, 2 ಕೊಟ್ಟು ಓಡಿಸಿದೆ. ನಿಮ್ಮ ಕೋಡ್ 6 ಎಂದಿತು. ಇದು ಸಾಧ್ಯವೇ ಇಲ್ಲ ಅಂತ ನೋಡಿದ ತಕ್ಷಣ ಹೇಳಬಹುದು. ಎಕ್ಸಾರ್‌ನಲ್ಲಿ ಎರಡು ಬಿಟ್ ಬೇರೆ ಬೇರೆ ಇದ್ದರೆ 1, ಒಂದೇ ಆಗಿದ್ದರೆ 0, ಅಲ್ವಾ? 12ರಲ್ಲಿ 8ರ ಬಿಟ್ ಇದೆ, 5ರಲ್ಲಿ ಇಲ್ಲ. ಹಾಗಾದರೆ ಆ ಜೋಡಿಯೊಂದೇ ಸಾಕು, ಉತ್ತರ 8ಕ್ಕಿಂತ ಕೆಳಗೆ ಬರಬಾರದು. ಈ ಪರೀಕ್ಷೆಯನ್ನು ನಿಮ್ಮ ಓದುಗರಿಗೂ ಕಲಿಸಿ.

ತಪ್ಪು ಇರುವುದು ಈ ಎರಡು ಸಾಲಿನಲ್ಲಿ:

```python
for ch in bin(x)[2:]:
    node = node.setdefault(ch, {})
```

`bin` ಮುಂದಿನ ಸೊನ್ನೆಗಳನ್ನು ಕೊಡುವುದಿಲ್ಲ. 12 ಅಂದರೆ 1100, 10 ಅಂದರೆ 1010. ಆದರೆ 5 ಬರೀ 101, 2 ಬರೀ 10. ಟ್ರೈ ಅಂದರೆ ಪ್ರತಿ ಬಿಟ್‌ಗೂ 0 ಅಥವಾ 1ರ ಕೊಂಬೆ ಒಡೆಯುತ್ತಾ ಹೋಗುವ ಮರ. ನೀವು ಎಲ್ಲವನ್ನೂ ಎಡಗಡೆಯಿಂದ ಅದಕ್ಕೆ ಇಳಿಸಿದ್ದೀರಿ. ಹಾಗಾಗಿ 5ರ ಮೊದಲ 1, ಅಂದರೆ 4ರ ಬಿಟ್, 12ರ 8ರ ಬಿಟ್ ಪಕ್ಕ ಹೋಗಿ ಕೂತಿದೆ. 2ರ ಬಿಟ್ ಕೂಡ ಅಲ್ಲೇ. ಎಲ್ಲ ಸಂಖ್ಯೆಯೂ 1ರಿಂದಲೇ ಶುರುವಾಗುವಂತೆ ಕಾಣುವುದರಿಂದ, ಬುಡದಲ್ಲಿ ಸೊನ್ನೆಯ ಕೊಂಬೆಯೇ ಇಲ್ಲ. 12 ಬಂದು "ನನಗೆ ಸೊನ್ನೆ ಬೇಕು" ಎಂದರೆ ಸಿಗುವುದಿಲ್ಲ. ಕೊನೆಗೆ 10ರ ಹತ್ತಿರ ಹೋಗಿ ನಿಲ್ಲುತ್ತದೆ, `12 ^ 10 = 6`.

9, 14, 11 ಮೂರೂ ನಾಲ್ಕು ಬಿಟ್‌ನ ಸಂಖ್ಯೆಗಳು. ಉದ್ದ ಒಂದೇ ಆದ್ದರಿಂದ ತಪ್ಪು ಮುಚ್ಚಿಹೋಯಿತು.

ಇದು ಹೇಗೆ ಆಗಿರಬಹುದು ಎಂದು ನನಗೆ ಅನ್ನಿಸುವುದು ಇಷ್ಟು. ಟ್ರೈಯನ್ನು ಹೆಚ್ಚಿನವರು ಮೊದಲು ಕಲಿಯುವುದು ಪದಗಳ ಜೊತೆ. ಆ ಹೆಸರನ್ನು 1960ರಲ್ಲಿ ಎಡ್ವರ್ಡ್ ಫ್ರೆಡ್ಕಿನ್ ಕೊಟ್ಟರು ಎಂದು ನೀವೇ ಬರೆದಿದ್ದೀರಿ, ಅದು ಸರಿ. ಪದಗಳನ್ನು ಎಡದಿಂದ ಜೋಡಿಸುವುದೇ ಸರಿ. "ಕಲ್ಲು", "ಕಲಬುರಗಿ" ಎರಡೂ "ಕ"ದಿಂದ ಶುರುವಾಗುತ್ತವೆ, ಉದ್ದ ಎಷ್ಟಿದ್ದರೂ ಚಿಂತೆಯಿಲ್ಲ. ಸಂಖ್ಯೆ ಹಾಗಲ್ಲ. ಸ್ಥಾನದ ಬೆಲೆ ಬಲಗಡೆಯಿಂದ ಎಣಿಸುವಂಥದ್ದು. ಶಾಲೆಯಲ್ಲಿ ಕೂಡುವ ಲೆಕ್ಕ ಬರೆಯುವಾಗ 125ರ ಕೆಳಗೆ 7ನ್ನು ಬಿಡಿ ಸ್ಥಾನದಲ್ಲಿ ಬರೆಯುತ್ತಿದ್ದೆವಲ್ಲ, ಅದೇ ವಿಷಯ. ಈ ವ್ಯತ್ಯಾಸವನ್ನು ಲೇಖನದಲ್ಲಿ ಹೇಳಿ. ನಿಮ್ಮ ಹಾಗೇ ಎಡವುವವರು ತುಂಬಾ ಜನ ಇರುತ್ತಾರೆ.

ತಿದ್ದುವುದು ಕಷ್ಟವಿಲ್ಲ. ಅತಿ ದೊಡ್ಡ ಸಂಖ್ಯೆಗೆ ಎಷ್ಟು ಬಿಟ್ ಬೇಕೋ ಅಷ್ಟು, ಎಲ್ಲರಿಗೂ:

```python
L = max(a).bit_length()
for i in range(L - 1, -1, -1):
    b = (x >> i) & 1
    node = node.setdefault(b, {})
```

ಹುಡುಕುವಾಗಲೂ ಇದೇ ಸುತ್ತು. `1 - b` ಕೊಂಬೆ ಇದ್ದರೆ ಆ ಕಡೆ ಹೋಗಿ `1 << i` ಸೇರಿಸಿಕೊಳ್ಳಬೇಕು. ಇಲ್ಲದಿದ್ದರೆ `b` ಕಡೆ ಹೋಗಬೇಕು, ಆ ಸ್ಥಾನಕ್ಕೆ ಏನೂ ಸಿಗುವುದಿಲ್ಲ.

ಇನ್ನು ಎರಡನೇ ದೂರು. "ಮೇಲಿನ ಬಿಟ್‌ನಿಂದ ಶುರು ಮಾಡಿ, ಪ್ರತಿ ಸಲ ವಿರುದ್ಧ ಬಿಟ್ ಹಿಡಿಯಬೇಕು" ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಯಾಕೆ ಎಂದು ಹೇಳಿಲ್ಲ. ಮೊದಲ ತಿರುವಿನಲ್ಲಿ ಆಸೆಪಟ್ಟು ಒಂದು ಕಡೆ ಹೋದರೆ, ಮುಂದೆ ಮೂರು ತಿರುವಿನಲ್ಲೂ ಸೋಲಬಹುದಲ್ಲ? ಓದುಗ ಕೇಳಿಯೇ ಕೇಳುತ್ತಾನೆ. ಅಷ್ಟೊಂದು ಜಾಗ ಬಹಮನಿ ಕೋಟೆಯ ಚರಿತ್ರೆಗೆ ಕೊಟ್ಟಿದ್ದೀರಿ. ಆ ಭಾಗ ಪೂರ್ತಿ ತೆಗೆಯಿರಿ, ಅದಕ್ಕೂ ಎಕ್ಸಾರ್‌ಗೂ ಸಂಬಂಧವಿಲ್ಲ.

ಊರಿನ ಮಾತೇ ಬೇಕು ಎಂದರೆ ಗಂಜಿನ ತೊಗರಿ ಅಂಗಡಿಗೆ ಹೋಗಿ. ತಕ್ಕಡಿ ಹತ್ತಿರ 8, 4, 2, 1 ಕಿಲೋದ ಒಂದೊಂದೇ ಕಲ್ಲು ಇವೆ ಎಂದುಕೊಳ್ಳಿ. ಒಂದು ತಟ್ಟೆಯಲ್ಲಿ 8ರ ಕಲ್ಲು ಮಾತ್ರ ಇಡಿ. ಇನ್ನೊಂದರಲ್ಲಿ ಉಳಿದ ಮೂರನ್ನೂ ಇಡಿ. ಮೂರೂ ಸೇರಿ 7 ಕಿಲೋ. 8ರ ತಟ್ಟೆಯೇ ಕೆಳಗೆ ಬರುತ್ತದೆ. ಕೆಳಗಿನ ಬಿಟ್‌ಗಳನ್ನೆಲ್ಲ ಗೆದ್ದರೂ ಮೇಲಿನ ಒಂದು ಬಿಟ್ ಬಿಟ್ಟ ನಷ್ಟ ತುಂಬುವುದಿಲ್ಲ. ಹಾಗಾಗಿ ಮೇಲಿನದು ಸಿಕ್ಕರೆ ಯೋಚನೆಯೇ ಇಲ್ಲದೆ ಹಿಡಿಯಬಹುದು, ಹಿಂದೆ ತಿರುಗಿ ನೋಡುವ ಅಗತ್ಯ ಬರುವುದಿಲ್ಲ. ಕೆಳಗಿನ ಬಿಟ್‌ನಿಂದ ಶುರು ಮಾಡಿದರೆ ಈ ಭರವಸೆ ಇರುವುದಿಲ್ಲ.

ಅದಾದ ಮೇಲೆ 12ರ ನಡಿಗೆಯನ್ನು ಒಂದು ಸಲ ಪೂರ್ತಿ ತೋರಿಸಿ. ಟ್ರೈಯಲ್ಲಿ 1100, 1010, 0101, 0010 ಇವೆ. 12 ಅಂದರೆ 1100, ಅದಕ್ಕೆ ಮೊದಲು 0 ಬೇಕು. ಇದೆ, 8 ಸಿಕ್ಕಿತು. ಈಗ ಎದುರಿಗೆ ಉಳಿದಿರುವುದು 5 ಮತ್ತು 2 ಮಾತ್ರ. ಮತ್ತೆ 0 ಬೇಕು. 2ರ ಕಡೆ ಇದೆ, 4 ಸಿಕ್ಕಿತು. ಆಮೇಲೆ 1 ಬೇಕು, ಅದೂ ಇದೆ, 2 ಸಿಕ್ಕಿತು. ಕೊನೆಗೆ 1 ಬೇಕು, ಆದರೆ ಇರುವುದು 0 ಮಾತ್ರ. ಒಟ್ಟು 14. ಇನ್ನು 10, ಅಂದರೆ 1010. ಅದಕ್ಕೆ 0, 1, 0, 1 ಬೇಕು. 5 ಹಾಗೇ ಇದೆ! ನಾಲ್ಕೂ ಸಿಕ್ಕವು, 15.

ಈ ಪಟ್ಟಿಯನ್ನೇ ಲೇಖನದ ಮೊದಲಿಗೆ ಇಡಿ. "ಅತಿ ದೊಡ್ಡದನ್ನೂ ಅತಿ ಚಿಕ್ಕದನ್ನೂ ಹಿಡಿದರೆ ಸಾಕಲ್ವಾ, ಟ್ರೈ ಯಾಕೆ?" ಎಂದು ಎಲ್ಲರಿಗೂ ಮೊದಲು ಅನ್ನಿಸುತ್ತದೆ. ಇಲ್ಲಿ ಹಾಗೆ ಮಾಡಿದರೆ 12 ಮತ್ತು 2 ಸಿಗುತ್ತವೆ, ಉತ್ತರ 14. ನಡುವಿನ 10 ಮತ್ತು 5 ಅದನ್ನು ಮೀರುತ್ತವೆ. ಓದುಗ ಅಲ್ಲೇ ಹಿಡಿತಕ್ಕೆ ಸಿಗುತ್ತಾನೆ.

ವೇಗದ ಬಗ್ಗೆ ನೀವು ಬರೆದದ್ದು ಸರಿ ಇದೆ, ಆದರೆ ಸುಮ್ನೆ "ತುಂಬಾ ವೇಗ" ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. 1 ಲಕ್ಷ ಸಂಖ್ಯೆಗಳಿದ್ದರೆ ಜೋಡಿಗಳು ಸುಮಾರು 500 ಕೋಟಿ. ಟ್ರೈಯಲ್ಲಿ, 30 ಬಿಟ್ ಎಂದಿಟ್ಟುಕೊಂಡರೆ, ಇಳಿಸಲು 30 ಲಕ್ಷ ಹೆಜ್ಜೆ, ಹುಡುಕಲು 30 ಲಕ್ಷ ಹೆಜ್ಜೆ. ಅಷ್ಟೇ ಬರೆಯಿರಿ.

ಮೆಮೊರಿಯ ಮಾತನ್ನು ನೀವು ಎತ್ತಿಯೇ ಇಲ್ಲ. ಪೈಥಾನ್‌ನಲ್ಲಿ ಪ್ರತಿ ಗಂಟಿಗೂ ಒಂದು ಡಿಕ್ಷನರಿ ಇಟ್ಟಿದ್ದೀರಿ. ಒಂದೇ ಕೀ ಇರುವ ಡಿಕ್ಷನರಿ ಕೂಡ ನೂರಕ್ಕಿಂತ ಜಾಸ್ತಿ ಬೈಟ್ ತಿನ್ನುತ್ತದೆ. 1 ಲಕ್ಷ ಸಂಖ್ಯೆಗೆ ಗಂಟುಗಳು ಹತ್ತು ಲಕ್ಷ ದಾಟುವುದು ಸುಲಭ. ಕಾಲೇಜಿನ ಹಳೆಯ ಕಂಪ್ಯೂಟರ್‌ನಲ್ಲಿ ಓಡಿಸುವವರಿಗೆ ಇದು ಹೊರೆಯೇ. ಪ್ರತಿ ಗಂಟಿಗೂ ಒಂದು ಅಂಕೆ ಕೊಟ್ಟು, 0ರ ಕೊಂಬೆಗೆ ಒಂದು, 1ರ ಕೊಂಬೆಗೆ ಒಂದು ಅರೇ ಇಟ್ಟುಕೊಂಡರೆ ಬಹಳ ಕಡಿಮೆಯಲ್ಲಿ ಮುಗಿಯುತ್ತದೆ. ಕೋಡ್ ಕೊಡಬೇಕಿಲ್ಲ, ಎರಡು ಸಾಲಿನಲ್ಲಿ ಹೇಳಿದರೆ ಸಾಕು.

ತಿದ್ದಿ ಕಳಿಸುವ ಮುಂಚೆ ಒಂದು ಕೆಲಸ ಮಾಡಿ. ಎಲ್ಲ ಜೋಡಿಗಳನ್ನೂ ನೋಡುವ ಎರಡು ಸುತ್ತಿನ ಸಾದಾ ಕೋಡ್ ಪಕ್ಕದಲ್ಲಿ ಇಟ್ಟುಕೊಳ್ಳಿ. 0ರಿಂದ 63ರವರೆಗಿನ ಯಾದೃಚ್ಛಿಕ ಸಂಖ್ಯೆಗಳ ಚಿಕ್ಕ ಪಟ್ಟಿ ಸಾವಿರ ಸಲ ಮಾಡಿ, ಎರಡರ ಉತ್ತರವನ್ನೂ ಹೋಲಿಸಿ. ನಿಮ್ಮ ಮೊದಲ ಕೋಡ್ ಈ ಪರೀಕ್ಷೆಯಲ್ಲಿ ಕ್ಷಣದಲ್ಲೇ ಸಿಕ್ಕಿಬೀಳುತ್ತಿತ್ತು. ಬರೀ ಸೊನ್ನೆಗಳಿರುವ ಪಟ್ಟಿಯನ್ನೂ ಒಂದು ಸಲ ಕೊಟ್ಟು ನೋಡಿ. ಆಗ `L` ಸೊನ್ನೆಯಾಗುತ್ತದೆ, ಸುತ್ತು ಒಮ್ಮೆಯೂ ತಿರುಗುವುದಿಲ್ಲ, ಉತ್ತರ 0 ಬರಬೇಕು. ಎಲ್ಲ ಹೊಂದಿದ ಮೇಲೆ ಲೇಖನ ಕಳಿಸಿ, ನಾನು ಮತ್ತೆ 12, 10, 5, 2ರಿಂದಲೇ ಓಡಿಸಲು ಶುರು ಮಾಡುತ್ತೇನೆ.